ಚಿಕ್ಕಮಗಳೂರಿನ ಮನೆಗೆ ಬ್ಯಾರೋಮೀಟರ್ ಹೊಂದಿಸುವುದು: ಹತ್ತಿರದ ಮಂಗಳೂರು ಬಿಟ್ಟು ದೂರದ ಬೆಂಗಳೂರು ಯಾಕೆ

ಕಾಫಿ ತೋಟದವರ ಮನೆಗಳಲ್ಲಿ ಮಳೆ ಪುಸ್ತಕ ಇದ್ದೇ ಇರುತ್ತದೆ. ಇಂಚು, ಸೆಂಟು ಲೆಕ್ಕದಲ್ಲಿ ದಿನದಿನದ ಮಳೆ. ನಮ್ಮ ಮನೆಯ ಪುಸ್ತಕಕ್ಕೆ ನಾನು ಗಾಳಿಯ ಒತ್ತಡದ ಒಂದು ಕಾಲಂ ಸೇರಿಸಿದೆ. ಒಂದು ಡಿಜಿಟಲ್ ಹವಾಮಾನ ಯಂತ್ರ ತಂದೆ. ಅದರ ಪರದೆಯ ಮೇಲೆ ಎರಡು ಒತ್ತಡ ಕಾಣಿಸುತ್ತವೆ: `ABS` ಮತ್ತು `REL`. ಮೊದಲನೆಯದು ಯಂತ್ರ ಇರುವ ಜಾಗದ ಒತ್ತಡ, ಎರಡನೆಯದು ಸಮುದ್ರಮಟ್ಟಕ್ಕೆ ಇಳಿಸಿದ ಒತ್ತಡ. "ಹತ್ತಿರದ ವಿಮಾನ ನಿಲ್ದಾಣದ ಅಂಕಿ ನೋಡಿ ಹೊಂದಿಸಿಕೊಳ್ಳಿ" ಎಂದು ಅಂಗಡಿಯವರು ಹೇಳಿದ್ದರು. 2023ರಲ್ಲಿ ಶಿವಮೊಗ್ಗದ ನಿಲ್ದಾಣ ಶುರುವಾಗುವ ಮುಂಚೆ ನಮಗೆ ಹತ್ತಿರ ಅಂದರೆ ಮಂಗಳೂರು, ನೇರ ಗೆರೆ ಎಳೆದರೆ ಸುಮಾರು ನೂರು ಕಿಲೋಮೀಟರ್. ಹಾಗೇ ಮಾಡಿದೆ. ಒಂದು ವರ್ಷದ ದಾಖಲೆ ಪೂರ್ತಿ 5 ಹೆಕ್ಟೊಪಾಸ್ಕಲ್ ಕಡಿಮೆ ಬಂತು.

ಐದು ಅಂದರೆ ಸಣ್ಣದಲ್ಲ. ಬೇಸಿಗೆಯಲ್ಲಿ ನಮ್ಮ ಕಡೆ ಒಂದು ದಿನದ ಒತ್ತಡದ ಏರಿಳಿತವೇ 3ರಿಂದ 4 ಹೆಕ್ಟೊಪಾಸ್ಕಲ್. ಈ ತಪ್ಪು ಎಲ್ಲಿಂದ ಬರುತ್ತದೆ, ಅದನ್ನು ತಪ್ಪಿಸಿ ಯಂತ್ರ ಹೊಂದಿಸುವುದು ಹೇಗೆ ಎಂದು ನಮ್ಮ ಮನೆಯ ಲೆಕ್ಕವನ್ನೇ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಮೂರು ಅಂಕಿಗಳನ್ನು ಬೇರೆ ಮಾಡಿಕೊಳ್ಳಿ

ಒಂದನೆಯದು ಸ್ಥಳದ ಒತ್ತಡ. ನಿಮ್ಮ ಬ್ಯಾರೋಮೀಟರಿನ ಮೇಲೆ ಆ ಕ್ಷಣಕ್ಕೆ ಗಾಳಿ ಹಾಕುತ್ತಿರುವ ಭಾರ. ಸಾವಿರ ಮೀಟರ್ ಎತ್ತರದಲ್ಲಿ ಅದು 900ರ ಆಸುಪಾಸು ಇರುತ್ತದೆ. ಇದೊಂದೇ ನಿಜವಾಗಿ ಅಳೆದ ಅಂಕಿ.

ಎರಡನೆಯದು ಸಮುದ್ರಮಟ್ಟದ ಒತ್ತಡ. ನಮ್ಮ ಮನೆಯ ಕೆಳಗೆ ಬೆಟ್ಟ ಇರದೆ ಸಮುದ್ರದ ಮಟ್ಟದವರೆಗೂ ಗಾಳಿಯೇ ಇದ್ದಿದ್ದರೆ ಅಲ್ಲಿ ಒತ್ತಡ ಎಷ್ಟಿರುತ್ತಿತ್ತು ಎಂಬ ಲೆಕ್ಕ. ಬೇರೆ ಬೇರೆ ಎತ್ತರದ ಊರುಗಳನ್ನು ಒಂದೇ ನಕ್ಷೆಯಲ್ಲಿ ಹೋಲಿಸಲು ಇದು ಬೇಕು. ಇಲ್ಲದ ಗಾಳಿಯನ್ನು ಕೂಡಿಸಬೇಕಾದ್ದರಿಂದ ಆ ಗಾಳಿ ಎಷ್ಟು ಬೆಚ್ಚಗಿತ್ತು ಎಂದು ಊಹಿಸಲೇಬೇಕು. ಬೆಚ್ಚಗಿನ ಗಾಳಿ ಹಗುರ, ತಣ್ಣಗಿನದು ಭಾರ.

ಮೂರನೆಯದು ವಿಮಾನ ನಿಲ್ದಾಣದವರು ಕೊಡುವ ಅಂಕಿ. ಅದಕ್ಕೆ ಕ್ಯೂಎನ್‌ಎಚ್ ಎನ್ನುತ್ತಾರೆ. ನೋಡಲು ಸಮುದ್ರಮಟ್ಟದ ಒತ್ತಡದ ಹಾಗೇ ಇರುತ್ತದೆ, ಆದರೆ ಅಲ್ಲ. ಇದರಲ್ಲಿ ನಿಜವಾದ ಉಷ್ಣತೆಗೆ ಜಾಗವೇ ಇಲ್ಲ. ಎಲ್ಲ ಊರಿಗೂ ಒಂದೇ ಅಳತೆಗೋಲು: ಸಮುದ್ರಮಟ್ಟದಲ್ಲಿ 15 ಡಿಗ್ರಿ, ಪ್ರತಿ ಕಿಲೋಮೀಟರ್ ಏರಿದಾಗ 6.5 ಡಿಗ್ರಿ ಇಳಿಕೆ. ಈ ಲೆಕ್ಕದ ಪ್ರಕಾರ ನಮ್ಮ ಚಿಕ್ಕಮಗಳೂರಿನಲ್ಲಿ ಯಾವಾಗಲೂ 8 ಡಿಗ್ರಿ ಚಳಿ ಇರಬೇಕು! ವಿಮಾನಕ್ಕೆ ಇದರಿಂದ ತೊಂದರೆ ಇಲ್ಲ. ವಿಮಾನದಲ್ಲಿ ಎತ್ತರ ತೋರಿಸುವ ಆಲ್ಟಿಮೀಟರಿನಲ್ಲೂ ಇದೇ ಅಳತೆಗೋಲು ಇರುವುದರಿಂದ, ಆ ಅಂಕಿ ಹಾಕಿ ಇಳಿದರೆ ರನ್‌ವೇ ಮೇಲೆ ರನ್‌ವೇಯ ಎತ್ತರವೇ ಬರುತ್ತದೆ. ಅವರಿಗೆ ಬೇಕಾದದ್ದು ಅಷ್ಟೇ.

ಈಗ ಮಂಗಳೂರಿನ ಗುಟ್ಟು ಬಿಡಿಸಬಹುದು. ಬಜ್ಪೆಯ ನಿಲ್ದಾಣ ಇರುವುದು ಸುಮಾರು ನೂರು ಮೀಟರ್ ಎತ್ತರದಲ್ಲಿ. ಕೂಡಿಸಬೇಕಾದ ಗಾಳಿ ತುಂಬಾ ಕಡಿಮೆ. ಹಾಗಾಗಿ ಅಲ್ಲಿ ಕ್ಯೂಎನ್‌ಎಚ್‌ಗೂ ನಿಜವಾದ ಸಮುದ್ರಮಟ್ಟದ ಒತ್ತಡಕ್ಕೂ ಹೆಚ್ಚು ಅಂತರ ಇಲ್ಲ. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ 915 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಕೆಳಕ್ಕೆ ಲೆಕ್ಕ ಹಾಕುವಾಗ ಚಳಿಯ, ಭಾರದ ಗಾಳಿ ತುಂಬುತ್ತಾರೆ. ಆದ್ದರಿಂದ ಅಂಕಿ ದೊಡ್ಡದಾಗುತ್ತದೆ. ಜನವರಿಯ ಒಂದು ಬೆಳಗ್ಗೆ ಎರಡೂ ಊರಿನ ಅಂಕಿ ಪಕ್ಕಪಕ್ಕ ಇಟ್ಟು ನೋಡಿ. ಬೆಂಗಳೂರಿನದು ನಾಲ್ಕೈದು ಹೆಕ್ಟೊಪಾಸ್ಕಲ್ ಜಾಸ್ತಿ ಕಾಣುತ್ತದೆ. ಅಲ್ಲಿ ಹವೆ ಬೇರೆ ಇದೆ ಎಂದಲ್ಲ, ಎತ್ತರ ಬೇರೆ ಇದೆ.

ನಾನು ಮಾಡಿದ್ದು ಏನೆಂದರೆ, ಮಂಗಳೂರಿನ ಅಂಕಿ ಹಿಡಿದು ಅದೇ ಚಳಿಯ ಅಳತೆಗೋಲಿನಲ್ಲಿ ಸಾವಿರ ಮೀಟರ್ ಮೇಲೆ ಹತ್ತಿದೆ. ಭಾರದ ಗಾಳಿಯನ್ನು ಕಳೆದುಕೊಂಡು ಹತ್ತಿದ್ದರಿಂದ ಮೇಲೆ ಒತ್ತಡ ಕಡಿಮೆ ಬಂತು. ಬೆಂಗಳೂರು ನಮಗೆ ಇನ್ನೂರು ಕಿಲೋಮೀಟರ್ ದೂರ. ಆದರೂ ಎತ್ತರ ಹತ್ತಿರ ಹತ್ತಿರ ಒಂದೇ. ಒತ್ತಡ ಹೊಂದಿಸುವಾಗ ನೆಲದ ದೂರಕ್ಕಿಂತ ಎತ್ತರದ ಅಂತರವೇ ಜಾಸ್ತಿ ಕಾಡುತ್ತದೆ.

ಎತ್ತರವನ್ನು ಸರಿಯಾಗಿ ಹಿಡಿಯುವುದು

ನಮ್ಮ ಎತ್ತರದಲ್ಲಿ 9ರಿಂದ 10 ಮೀಟರಿಗೆ ಒತ್ತಡ ಒಂದು ಹೆಕ್ಟೊಪಾಸ್ಕಲ್ ಬದಲಾಗುತ್ತದೆ. ಹಾಗಾಗಿ ನಿಮ್ಮ ಎತ್ತರ ಎರಡು ಮೀಟರ್ ಒಳಗೆ ಗೊತ್ತಿದ್ದರೆ ಸಾಕು. ಬೇಕಾದದ್ದು ಅಂಗಳದ ಎತ್ತರ ಅಲ್ಲ, ಯಂತ್ರ ಕೂತಿರುವ ಎತ್ತರ. ಮಹಡಿಯ ಮೇಲಿದ್ದರೆ ಮಹಡಿಯನ್ನೂ ಸೇರಿಸಿ.

ಮೊಬೈಲಿನ ಜಿಪಿಎಸ್ ಅಂಕಿಯನ್ನು ಸುಮ್ನೆ ನಂಬಬೇಡಿ. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯ ಒಂದು ಗಣಿತದ ಆಕಾರದಿಂದ, ಸಮುದ್ರಮಟ್ಟದಿಂದಲ್ಲ. ದಕ್ಷಿಣ ಭಾರತದಲ್ಲಿ ನಿಜವಾದ ಸಮುದ್ರಮಟ್ಟ ಆ ಆಕಾರಕ್ಕಿಂತ ಎಂಬತ್ತು ತೊಂಬತ್ತು ಮೀಟರ್ ಕೆಳಗಿದೆ. ಕೆಲವು ಆ್ಯಪ್‌ಗಳು ಇದನ್ನು ಸರಿಪಡಿಸಿ ತೋರಿಸುತ್ತವೆ, ಕೆಲವು ಹಾಗೇ ತೋರಿಸುತ್ತವೆ. ಸರಿಪಡಿಸದ ಆ್ಯಪ್ ನಮ್ಮ ಮನೆಯನ್ನು 950ರ ಹತ್ತಿರ ತೋರಿಸಿತು. ಅದನ್ನೇ ನಂಬಿದ್ದರೆ ಸಮುದ್ರಮಟ್ಟದ ಒತ್ತಡ ಸುಮಾರು 10 ಹೆಕ್ಟೊಪಾಸ್ಕಲ್ ತಪ್ಪುತ್ತಿತ್ತು.

ನಾನು ರೈಲು ನಿಲ್ದಾಣದ ಹಳದಿ ಫಲಕ ಬಳಸಿದೆ. ಊರಿನ ಹೆಸರಿನ ಕೆಳಗೆ ಸಮುದ್ರಮಟ್ಟದಿಂದ ಎತ್ತರ ಬರೆದಿರುತ್ತಾರೆ ಅಲ್ವಾ, ಅದೇ. ಒತ್ತಡದಿಂದ ಎತ್ತರ ತೋರಿಸುವ ಚಾರಣದ ವಾಚ್ ಇದ್ದರೆ ಕೆಲಸ ಸುಲಭ. ಪ್ಲಾಟ್‌ಫಾರಂನಲ್ಲಿ ನಿಂತು ವಾಚಿಗೆ ಫಲಕದ ಎತ್ತರ ಕೊಡಿ. ಮನೆಗೆ ಬಂದು ಯಂತ್ರದ ಪಕ್ಕ ವಾಚ್ ಇಟ್ಟು ಓದಿ. ಮತ್ತೆ ನಿಲ್ದಾಣಕ್ಕೆ ಹೋಗಿ ಓದಿ. ಅಷ್ಟರಲ್ಲಿ ಗಾಳಿಯ ಒತ್ತಡವೇ ಸ್ವಲ್ಪ ಬದಲಾಗಿರುತ್ತದೆ, ಹಾಗಾಗಿ ಮೊದಲಿನ ಅಂಕಿ ಬರುವುದಿಲ್ಲ. ನನಗೆ 3 ಮೀಟರ್ ಜಾಸ್ತಿ ಬಂತು. ಮನೆಯಲ್ಲಿ ಓದಿದ್ದು ಸರಿಯಾಗಿ ಮಧ್ಯದ ಹೊತ್ತಿನಲ್ಲಿ ಆದ್ದರಿಂದ ಅದರ ಅರ್ಧ, ಒಂದೂವರೆ ಮೀಟರ್, ಆ ಓದಿನಿಂದ ಕಳೆದೆ.

ಇನ್ನೊಂದು ಸಣ್ಣ ತಿದ್ದುಪಡಿ ಉಳಿಯುತ್ತದೆ. ವಾಚಿನಲ್ಲೂ ಅದೇ 8 ಡಿಗ್ರಿಯ ಅಳತೆಗೋಲು ಇದೆ. ನಮ್ಮ ಗಾಳಿ 24 ಡಿಗ್ರಿ ಇದ್ದರೆ ವಾಚ್ ತೋರಿಸುವ ಅಂತರ ಐದಾರು ಶೇಕಡ ಕಡಿಮೆ ಇರುತ್ತದೆ. ನಿಲ್ದಾಣಕ್ಕೂ ಮನೆಗೂ 40 ಮೀಟರ್ ಅಂತರ ತೋರಿಸಿದರೆ ನಿಜ 42. ಹೀಗೆ ಮೂರು ದಿನ ಮಾಡಿ ಸರಾಸರಿ ತೆಗೆದೆ. ನಮ್ಮ ಯಂತ್ರದ ಎತ್ತರ 1,040 ಮೀಟರ್ ಎಂದು ನಿಂತಿತು.

ಯಂತ್ರ ಎಲ್ಲಿಡಬೇಕು

ಮನೆಯೊಳಗೆ ಇಡಿ. ಒಳಗೂ ಹೊರಗೂ ಒತ್ತಡ ಒಂದೇ. ಬಿಸಿಲು ಬೀಳುವ ಗೋಡೆ ಮತ್ತು ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಇರುವ ಕೋಣೆ ಬೇಡ. ಇದಕ್ಕಿಂತ ಹೆಚ್ಚಿಗೆ ಹೇಳುವುದೇನೂ ಇಲ್ಲ. ಮುಳ್ಳಿನ ಹಳೇ ಬ್ಯಾರೋಮೀಟರ್ ಆದರೆ ಓದುವ ಮುಂಚೆ ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿ, ಸಿಕ್ಕಿಕೊಂಡ ಮುಳ್ಳು ತನ್ನ ಜಾಗಕ್ಕೆ ಬರುತ್ತದೆ. ಹಿಂದಿನ ಸ್ಕ್ರೂ ತಿರುಗಿಸಿದರೆ ಮುಳ್ಳು ಸರಿಯುತ್ತದೆ. ಆದರೆ ಮನೆಬಳಕೆಯ ಅನೇಕ ಮುಳ್ಳಿನ ಮಾಪಕಗಳನ್ನು ಸಮುದ್ರಮಟ್ಟದ ಹತ್ತಿರದ ಊರುಗಳಿಗೆಂದೇ ಮಾಡಿರುತ್ತಾರೆ. ಸಾವಿರ ಮೀಟರಿನಲ್ಲಿ ಸ್ಕ್ರೂ ಕೊನೆ ಮುಟ್ಟಿಬಿಡಬಹುದು. ಬಲವಂತ ಮಾಡಬೇಡಿ.

ಹೋಲಿಸುವುದು: ಬೆಳಗ್ಗೆ ಹತ್ತು ಗಂಟೆಗೆ

ನಮ್ಮ ನಾಡಿನಲ್ಲಿ ಒತ್ತಡ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಏರಿಕೆ, ನಾಲ್ಕು ಗಂಟೆಯ ಆಸುಪಾಸು ಇಳಿಕೆ. ಏರಿಕೆಯ ತುದಿಯಲ್ಲಿ ಅರ್ಧ ಗಂಟೆ ಒತ್ತಡ ಹೆಚ್ಚುಕಡಿಮೆ ನಿಂತೇ ಇರುತ್ತದೆ. ಆಗ ಹೋಲಿಸಿದರೆ ಐದು ನಿಮಿಷ ಹಿಂದೆ ಮುಂದೆ ಆದರೂ ನಷ್ಟ ಇಲ್ಲ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಗಾಳಿ ಇಲ್ಲದ, ಮೋಡ ಇಲ್ಲದ ದಿನಗಳೇ ಒಳ್ಳೆಯದು. ಮುಂಗಾರಿನಲ್ಲಿ ಘಟ್ಟದ ಈಚೆಗೂ ಬೆಂಗಳೂರಿಗೂ ನಡುವೆ ನಿಜವಾದ ಒತ್ತಡದ ಅಂತರವೇ ಬೆಳೆಯುತ್ತದೆ. ಅದನ್ನು ಯಂತ್ರದ ತಪ್ಪು ಎಂದುಕೊಂಡು ತಿದ್ದಿದರೆ ಇದ್ದದ್ದೂ ಕೆಡುತ್ತದೆ.

ಬೆಂಗಳೂರು ನಿಲ್ದಾಣದ ವರದಿ ಅಂತರ್ಜಾಲದಲ್ಲಿ ಅರ್ಧ ಗಂಟೆಗೊಮ್ಮೆ ಬರುತ್ತದೆ. ಅದಕ್ಕೆ ಮೆಟಾರ್ ಎನ್ನುತ್ತಾರೆ. ಸಾಲು ಹೀಗಿರುತ್ತದೆ:

```
METAR VOBL 150430Z 09006KT 6000 FEW020 24/15 Q1018 NOSIG
```

`VOBL` ಬೆಂಗಳೂರು. `150430Z` ಅಂದರೆ 15ನೇ ತಾರೀಕು, ಗ್ರೀನಿಚ್ ಹೊತ್ತು 04:30, ನಮಗೆ ಬೆಳಗ್ಗೆ 10:00. `24/15` ಉಷ್ಣತೆ ಮತ್ತು ಇಬ್ಬನಿ ಬಿಂದು. `Q1018` ನಮಗೆ ಬೇಕಾದ ಕ್ಯೂಎನ್‌ಎಚ್. ಇಲ್ಲಿ ಒಂದು ವಿಷಯ ಗಮನಿಸಿ. ವರದಿಯಲ್ಲಿ ದಶಾಂಶವನ್ನು ಯಾವಾಗಲೂ ಕೆಳಕ್ಕೇ ಕತ್ತರಿಸುತ್ತಾರೆ. 1018.0 ಇದ್ದರೂ 1018, 1018.9 ಇದ್ದರೂ 1018. ಅದಕ್ಕೆ ಅರ್ಧ ಕೂಡಿಸಿ 1018.5 ಎಂದು ಹಿಡಿಯಬೇಕು. ಒಂದೇ ದಿನದ ಹೋಲಿಕೆಯಲ್ಲಿ ಅರ್ಧದಷ್ಟು ತಪ್ಪು ಉಳಿಯಬಹುದು. ಹತ್ತು ದಿನ ಮಾಡಿದರೆ ಅದು ತಾನಾಗಿ ತಗ್ಗುತ್ತದೆ.

ಲೆಕ್ಕ ಎರಡು ಹಂತದಲ್ಲಿ. ಮೊದಲು ಬೆಂಗಳೂರಿನವರು ಕೂಡಿಸಿದ ಚಳಿಯ ಗಾಳಿಯನ್ನು ಹಾಗೇ ವಾಪಸ್ ಕಳೆಯಬೇಕು. ಆಗ ಅವರ ಮಾಪಕ ನಿಜವಾಗಿ ಓದಿದ ಒತ್ತಡ ಸಿಗುತ್ತದೆ. ಎಕ್ಸೆಲ್ ಹಾಳೆಯಲ್ಲಿ `A2`ನಲ್ಲಿ ಕ್ಯೂಎನ್‌ಎಚ್ ಬರೆದು:

```
=(A2^0.190263-0.00008417286*915)^(1/0.190263)
```

1018.5ಕ್ಕೆ ಇದು 912.9 ಕೊಡುತ್ತದೆ. ಎರಡನೇ ಹಂತದಲ್ಲಿ 915ರಿಂದ ನಮ್ಮ 1,040ಕ್ಕೆ, ಅಂದರೆ 125 ಮೀಟರ್, ನಿಜವಾದ ಉಷ್ಣತೆ ಇಟ್ಟುಕೊಂಡು ಹತ್ತಬೇಕು. `B2`ನಲ್ಲಿ ಮೊದಲ ಹಂತದ ಉತ್ತರ, `C2`ನಲ್ಲಿ ಉಷ್ಣತೆ:

```
=B2*EXP(-125/(29.27*(C2+273.15)))
```

24 ಡಿಗ್ರಿಗೆ 899.8 ಬಂತು. ನಮ್ಮ ಮನೆಯ ಒತ್ತಡ ಆ ಹೊತ್ತಿಗೆ ಇಷ್ಟಿರಬೇಕು. ಎರಡೂ ಹಂತ ಸೇರಿಸಿ, ಮೊದಲ ಸೂತ್ರದಲ್ಲೇ 915ರ ಬದಲು 1040 ಹಾಕಿದರೆ 899.1 ಬರುತ್ತದೆ. ಬರೀ 125 ಮೀಟರಿಗೆ ಚಳಿಯ ಅಳತೆಗೋಲು 0.7 ತಪ್ಪಿಸಿತು ನೋಡಿ. ಅದೇ ದಿನ ಮಂಗಳೂರಿನದು `Q1013` ಇತ್ತು. ಅದರಿಂದ ಹತ್ತಿದರೆ 894.6.

ನಮ್ಮ ಯಂತ್ರದ `ABS` ಆ ಹೊತ್ತಿಗೆ, ಯಾವ ತಿದ್ದುಪಡಿಯೂ ಇಲ್ಲದೆ, 897.6 ತೋರಿಸುತ್ತಿತ್ತು. ಅಂದರೆ 2.2 ಕಡಿಮೆ. ಹತ್ತು ದಿನದ ಸರಾಸರಿ 2.1. ಇಂಥ ಯಂತ್ರಗಳಲ್ಲಿರುವ ಪುಟ್ಟ ಸೆನ್ಸರ್‌ಗಳು ಒಂದೆರಡು ಹೆಕ್ಟೊಪಾಸ್ಕಲ್ ಆಚೀಚೆ ಇರುವುದು ಸಾಮಾನ್ಯ. ಆದರೆ ಅವು ಏರಿಳಿತವನ್ನು ಚೆನ್ನಾಗಿ ಹಿಡಿಯುತ್ತವೆ, ಹಾಗಾಗಿ ಒಂದೇ ಅಂಕಿ ಕೂಡಿಸಿದರೆ ಸಾಕಾಗುತ್ತದೆ. `ABS` ತಿದ್ದುಪಡಿಗೆ +2.1 ಕೊಟ್ಟೆ. ಹತ್ತು ದಿನದ ಅಂತರಗಳು ಒಂದಕ್ಕೊಂದು ಒಂದು ಹೆಕ್ಟೊಪಾಸ್ಕಲ್‌ಗಿಂತ ಜಾಸ್ತಿ ದೂರ ಇದ್ದರೆ ತಿದ್ದಬೇಡಿ. ಕೋಣೆಯ ಉಷ್ಣತೆಯ ಜೊತೆ ಅಂತರ ಬದಲಾಗುತ್ತಿದೆಯಾ ನೋಡಿ. ಹೌದಾದರೆ ಯಂತ್ರ ಬಿಸಿಯಾಗುತ್ತಿದೆ, ಜಾಗ ಬದಲಿಸಿ.

ದಾಖಲೆಗೆ ಸಮುದ್ರಮಟ್ಟದ ಒತ್ತಡ

ಈಗ `REL` ಕಡೆ ಬರೋಣ. ಮನೆಬಳಕೆಯ ಹೆಚ್ಚಿನ ಯಂತ್ರಗಳು ಇಲ್ಲಿ ಮಾಡುವುದು ಬರೀ ಕೂಡುವ ಲೆಕ್ಕ. ನೀವು ಕೊಟ್ಟ ಒಂದು ಅಂಕಿಯನ್ನು ಬೇಸಿಗೆಯಲ್ಲೂ ಚಳಿಗಾಲದಲ್ಲೂ `ABS`ಗೆ ಸೇರಿಸುತ್ತವೆ. ಸಮುದ್ರತೀರದಲ್ಲಿ ಅದು ನಡೆಯುತ್ತದೆ. ನಮ್ಮ ಎತ್ತರದಲ್ಲಿ ನಡೆಯುವುದಿಲ್ಲ. ಆದ್ದರಿಂದ ನಾನು `REL` ಅನ್ನು ಪುಸ್ತಕಕ್ಕೆ ಬರೆಯುವುದೇ ಇಲ್ಲ. `ABS`, ಉಷ್ಣತೆ, ಇಬ್ಬನಿ ಬಿಂದು ಈ ಮೂರನ್ನು ಬರೆದು, ಸಮುದ್ರಮಟ್ಟದ ಒತ್ತಡವನ್ನು ಬೇರೆ ಹಾಳೆಯಲ್ಲಿ ಲೆಕ್ಕ ಹಾಕುತ್ತೇನೆ:

```
=A2*EXP(1040/(29.27*(B2+273.15+3.4+0.12*C2)))
```

`A2` ತಿದ್ದಿದ ಸ್ಥಳದ ಒತ್ತಡ. `B2` ಉಷ್ಣತೆ. 3.4 ಎಲ್ಲಿಂದ ಬಂತು ಅಂದರೆ, ಕೆಳಗೆ ಹೋದಂತೆ ಗಾಳಿ ಬೆಚ್ಚಗಾಗುತ್ತದೆ. 1,040 ಮೀಟರಿನ ಅರ್ಧದಲ್ಲಿ, ಕಿಲೋಮೀಟರಿಗೆ 6.5 ಡಿಗ್ರಿಯಂತೆ, 3.4 ಡಿಗ್ರಿ. `C2` ಗಾಳಿಯ ತೇವದ ಒತ್ತಡ. ತೇವ ಇರುವ ಗಾಳಿ ಒಣ ಗಾಳಿಗಿಂತ ಹಗುರ, ಅದಕ್ಕೆ ಈ ತಿದ್ದುಪಡಿ. ಇಬ್ಬನಿ ಬಿಂದು `D2`ನಲ್ಲಿದ್ದರೆ `C2`ನಲ್ಲಿ ಇದನ್ನು ಹಾಕಿ:

```
=6.112*EXP(17.62*D2/(243.12+D2))
```

ಉಷ್ಣತೆಯ ಜಾಗದಲ್ಲಿ ಆ ಹೊತ್ತಿನ ಅಂಕಿ ಹಾಕಬೇಡಿ. ಈಗಿನದು ಮತ್ತು ಹನ್ನೆರಡು ಗಂಟೆ ಹಿಂದಿನದರ ಸರಾಸರಿ ಹಾಕಿ. ಕಾರಣ ಹೇಳುತ್ತೇನೆ. ಏಪ್ರಿಲಿನಲ್ಲಿ ಬೆಳಗಿನ ಜಾವ 16 ಡಿಗ್ರಿ, ಮಧ್ಯಾಹ್ನ 30 ಡಿಗ್ರಿ ಎಂದುಕೊಳ್ಳಿ. ಸ್ಥಳದ ಒತ್ತಡ ಎರಡೂ ಹೊತ್ತು 899.7 ಇದ್ದರೂ, ಲೆಕ್ಕದ ಸಮುದ್ರಮಟ್ಟದ ಒತ್ತಡ ಬೆಳಗಿನ ಜಾವ 1015.0, ಮಧ್ಯಾಹ್ನ 1009.5 ಬರುತ್ತದೆ. ಗಾಳಿ ಏನೂ ಮಾಡಿಲ್ಲ, ನಾವೇ ಐದೂವರೆ ಹೆಕ್ಟೊಪಾಸ್ಕಲಿನ ಅಲೆ ಎಬ್ಬಿಸಿದ್ದೇವೆ. ಅಂಗಳದ ಬಿಸಿಗೂ ಬೆಟ್ಟದೊಳಗಿನ ಆ ಊಹೆಯ ಗಾಳಿಗೂ ಸಂಬಂಧ ಇಲ್ಲ. ಹಗಲು ರಾತ್ರಿಯ ಸರಾಸರಿ ಈ ಅಲೆಯನ್ನು ಅಡಗಿಸುತ್ತದೆ.

ನಮ್ಮ ಉದಾಹರಣೆಯ ದಿನ ಬೆಳಗ್ಗೆ ಹತ್ತಕ್ಕೆ 24, ಹಿಂದಿನ ರಾತ್ರಿ ಹತ್ತಕ್ಕೆ 18, ಸರಾಸರಿ 21. ಇಬ್ಬನಿ ಬಿಂದು 15, ಅದರಿಂದ ತೇವದ ಒತ್ತಡ 17. ತಿದ್ದಿದ ಸ್ಥಳದ ಒತ್ತಡ 897.6ಕ್ಕೆ 2.1 ಸೇರಿ 899.7. ಉತ್ತರ 1013.0. ಅದೇ ಹೊತ್ತಿನ ಮಂಗಳೂರಿನ 1013ರ ಪಕ್ಕ ಇದನ್ನು ಇಡಬಹುದು. ಬೆಂಗಳೂರಿನ 1018ರ ಪಕ್ಕ ಇಡುವಂತಿಲ್ಲ. ಯಂತ್ರ ಹೊಂದಿಸುವಾಗ ಬೆಂಗಳೂರು, ಬಂದ ಉತ್ತರವನ್ನು ತಾಳೆ ನೋಡುವಾಗ ಮಂಗಳೂರು.

ಈ ಲೆಕ್ಕಕ್ಕೂ ಒಂದು ಮಿತಿ ಇದೆ. ವಿಶ್ವ ಹವಾಮಾನ ಸಂಸ್ಥೆ ಈ ಸೂತ್ರವನ್ನು ಹೇಳಿರುವುದು 750 ಮೀಟರ್ ಒಳಗಿನ ಠಾಣೆಗಳಿಗೆ. ಅದಕ್ಕಿಂತ ಮೇಲೆ ಊಹೆಯ ಪಾಲು ಹೆಚ್ಚಾಗುತ್ತದೆ. ಸರಾಸರಿ ಉಷ್ಣತೆಯಲ್ಲಿ 3 ಡಿಗ್ರಿ ತಪ್ಪಿದರೆ ಉತ್ತರ 1.2 ತಪ್ಪುತ್ತದೆ. ಹಾಗಾಗಿ ಚಿಕ್ಕಮಗಳೂರು, ಹಾಸನದಂಥ ಎತ್ತರದವರು ಮೂಲ ದಾಖಲೆಯಾಗಿ ಸ್ಥಳದ ಒತ್ತಡವನ್ನೇ ಇಟ್ಟುಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಸೂತ್ರ ನಾಳೆ ಬದಲಾದರೂ ಅದರಿಂದ ಮತ್ತೆ ಲೆಕ್ಕ ಹಾಕಬಹುದು.

ವಾಚಿನ ಆಲ್ಟಿಮೀಟರ್

ವಾಚನ್ನು ಹೊಂದಿಸುವುದು ಸುಲಭ. ಗೊತ್ತಿರುವ ಎತ್ತರದಲ್ಲಿ ನಿಂತು ಆ ಎತ್ತರ ಕೊಡುವುದು. ಆದರೆ ಅದು ಹೊತ್ತು ಹೊತ್ತಿಗೆ ಜಾರುತ್ತದೆ. ಬೆಳಗ್ಗೆ ಹತ್ತಕ್ಕೆ 1,040 ಕೊಟ್ಟು ಮೇಜಿನ ಮೇಲೆ ಬಿಟ್ಟ ವಾಚ್ ಸಂಜೆ ನಾಲ್ಕಕ್ಕೆ 1,070ರ ಹತ್ತಿರ ತೋರಿಸುತ್ತದೆ. ಮನೆ ಏರಿಲ್ಲ, ಒತ್ತಡ 3 ಹೆಕ್ಟೊಪಾಸ್ಕಲ್ ಇಳಿದಿದೆ. ಅಂದರೆ ವಾಚ್ ಸರಿಯಾಗಿಯೇ ಕೆಲಸ ಮಾಡುತ್ತಿದೆ.

ಮುಳ್ಳಯ್ಯನಗಿರಿಗೆ ಹೋದಾಗ ಇನ್ನೊಂದು ಅಂತರ ಕಾಣುತ್ತದೆ. ಮನೆಯಲ್ಲಿ 1,040 ಕೊಟ್ಟು ಹೊರಟರೆ ತುದಿಯಲ್ಲಿ 1,930 ಬರಬೇಕಲ್ಲ, ನನ್ನ ವಾಚ್ 1,880ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಡುವಿನ 890 ಮೀಟರ್ ಗಾಳಿ ಸರಾಸರಿ 21 ಡಿಗ್ರಿ ಇದ್ದರೆ, ವಾಚ್ ಅದನ್ನು ಐದಾರು ಡಿಗ್ರಿ ಎಂದು ಭಾವಿಸಿ 843 ಮೀಟರ್ ಎಂದೇ ಎಣಿಸುತ್ತದೆ. ತುದಿಯಲ್ಲಿ ಮತ್ತೆ ಹೊಂದಿಸಿದರೆ ಇಳಿದು ಬಂದಾಗ ಮನೆಯಲ್ಲಿ ತಪ್ಪು ತೋರಿಸುತ್ತದೆ. ಯಾವ ಕಡೆಯ ಎತ್ತರ ನಿಮಗೆ ಮುಖ್ಯವೋ ಅಲ್ಲಿ ಹೊಂದಿಸಿ, ಉಳಿದದ್ದನ್ನು ಲೆಕ್ಕದಲ್ಲಿ ತಿದ್ದಿಕೊಳ್ಳಿ.

ವರ್ಷಕ್ಕೊಮ್ಮೆ

ಪ್ರತಿ ಜನವರಿಯಲ್ಲಿ ಹತ್ತು ದಿನದ ಹೋಲಿಕೆಯನ್ನು ಮತ್ತೆ ಮಾಡುತ್ತೇನೆ. ಅಂತರ ಅರ್ಧ ಹೆಕ್ಟೊಪಾಸ್ಕಲ್ ಒಳಗಿದ್ದರೆ ಮುಟ್ಟುವುದಿಲ್ಲ. ಜಾಸ್ತಿ ಇದ್ದರೆ ಹೊಸ ತಿದ್ದುಪಡಿ ಹಾಕಿ, ಹಳೆಯದು ಎಷ್ಟಿತ್ತು, ಹೊಸದು ಎಷ್ಟು, ಯಾವ ದಿನ ಬದಲಿಸಿದೆ ಎಂದು ಪುಸ್ತಕದ ಆ ಪುಟದಲ್ಲೇ ಬರೆಯುತ್ತೇನೆ. ನಡುವೆ ಅನುಮಾನ ಬಂದರೆ ಒಂದು ದಿನ ಎರಡು ಗಂಟೆಗೊಮ್ಮೆ `ABS` ಬರೆದು ಗೆರೆ ಎಳೆಯುತ್ತೇನೆ. ಚೆನ್ನಾಗಿರುವ ಸೆನ್ಸರ್ ಎರಡು ಏರಿಕೆ, ಎರಡು ಇಳಿಕೆ ತೋರಿಸಲೇಬೇಕು. ಗೆರೆ ಚಪ್ಪಟೆಯಾಗಿದ್ದರೆ ಅಥವಾ ಮಧ್ಯಾಹ್ನ ಒಂದೇ ಒಂದು ದೊಡ್ಡ ಗುಂಡಿ ಕಂಡರೆ ಸೆನ್ಸರ್ ಕೆಟ್ಟಿದೆ ಇಲ್ಲವೇ ಬಿಸಿಗೆ ಬಗ್ಗುತ್ತಿದೆ.

ಆ ಮೊದಲ ವರ್ಷದ ದಾಖಲೆಯನ್ನು ಅಳಿಸಿಲ್ಲ. ಆಗ ಮಂಗಳೂರಿನ ಲೆಕ್ಕಕ್ಕೆ ಯಂತ್ರಕ್ಕೆ -3.0 ತಿದ್ದುಪಡಿ ಕೊಟ್ಟಿದ್ದೆ. ಅದು ಪುಸ್ತಕದಲ್ಲಿ ಬರೆದಿತ್ತು. ಈಗಿನದು +2.1. ಆದ್ದರಿಂದ ಆ ವರ್ಷದ ಪ್ರತಿ ಸಾಲಿನ ಪಕ್ಕ ಕೆಂಪು ಪೆನ್ನಿನಲ್ಲಿ 5.1 ಕೂಡಿಸಿದ ಅಂಕಿ ಬರೆದಿದ್ದೇನೆ. ಹಳೆಯ ನೀಲಿ ಅಂಕಿ ಅದರ ಪಕ್ಕದಲ್ಲೇ ಹಾಗೇ ಇದೆ.